ಗೋಡೆಗೆ ಹಚ್ಚಿದ ಮಾತು

ಆರೋಗ್ಯ ಇಲಾಖೆಯ ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಳೆದ ವರ್ಷ ಬಂದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕುರಿತದ್ದು. ‘ಋತುಬಂಧಾನಂತರದ ರಕ್ತಸ್ರಾವ’ ಎಂದು ಬರೆಯಿರಿ, ಮರ್ಯಾದೆಯಿಂದಿರುತ್ತದೆ ಎಂದರು ಇಲಾಖೆಯ ಸಾಹೇಬರು. ಮರ್ಯಾದೆ ಕಟ್ಟಿಕೊಂಡು ಯಾವ ಹೆಣ್ಣುಮಗಳಿಗೆ ಏನಾಗಬೇಕು ಎಂದು ಅವರೊಂದಿಗೆ ಜಗಳಾಡಿ, ‘ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ವಾಸನೆಯ ಬಿಳಿ ಸೆರಗು ಹೋಗುತ್ತಿದ್ದರೆ ಆಸ್ಪತ್ರೆಗೆ ಬನ್ನಿ’ ಎಂದು ಬರೆದೆ. ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ ದುಂಡಸಿಯ ಬಸ್ ನಿಲ್ದಾಣದ ಗೋಡೆಗೆ ಹಚ್ಚಿದರು.

ಕೆಲವು ವಾರ ಬಿಟ್ಟು ನಾನು ಹೋದಾಗ ಹೆಂಗಸರೆಲ್ಲ ರಸ್ತೆಯಾಚೆ ಬಿಸಿಲಲ್ಲಿ ನಿಂತಿದ್ದರು. ನಿಲ್ದಾಣದ ನೆರಳಲ್ಲಿ ಬರೀ ಗಂಡಸರು. ನಾನು ಬರೆದದ್ದು ಇವರಿಗೆ ತಿಳಿಯುವುದಿಲ್ಲವೇ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆ.

“ತಿಳೀತೈತ್ರಿ ಅಕ್ಕಾರ. ಗಂಡಸ್ರಿಗೂ ತಿಳೀತೈತಿ. ಅದರ ಮುಂದ ನಿಂತಾಕಿಗೆ ಆ ಬ್ಯಾನಿ ಐತಿ ಅಂತಾರ. ತಪಾಸಣಿಗೆ ಒಬ್ಬಾಕೀನೂ ಬಂದಿಲ್ಲ.”

ಇದನ್ನು ಹೇಳಿದಾಗ ಸಾಹೇಬರು ತಮ್ಮ ಪದಗಳ ಹೊಸ ಹಾಳೆ ಮಾಡಿಸಿ ನನ್ನದರ ಮೇಲೆ ಅಂಟಿಸಿದರು.

ಮೊನ್ನೆ ನೋಡಿದರೆ ಹೆಂಗಸರು ನೆರಳಿಗೆ ಮರಳಿದ್ದಾರೆ. ವಯಸ್ಸಾದ ಒಬ್ಬಾಕೆ ‘ಋತುಬಂಧಾನಂತರದ ರಕ್ತಸ್ರಾವ’ಕ್ಕೆ ಬೆನ್ನು ಆನಿಸಿ, ಕೆಳಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಬಸ್ಸಿಗೆ ಕಾಯುತ್ತಿದ್ದಳು.