ಆರತಕ್ಷತೆಯ ದಿನ ತಿದ್ದುಪಡಿಯಾದ ಬಗ್ಗೆ

ವಡೋದರಾದ ಮಂಜಲ್‌ಪುರದಲ್ಲಿ ನಾವು ವಾಸವಾಗಿದ್ದ ಅವಧಿಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ದಾಖಲಿಸಲು ಅಪೇಕ್ಷಿಸುತ್ತೇನೆ. ಬ್ಯಾಂಕಿನ ಪತ್ರವ್ಯವಹಾರದ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರಿಕೆ.

ಹಿಂದೆ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದು, ತದನಂತರ ಅಹಮದಾಬಾದಿಗೆ ವರ್ಗವಾಗಿ ಹೋದ ಮೈಸೂರಿನ ಕುಟುಂಬವೊಂದರ ಮಗಳ ಮದುವೆ ನಿಶ್ಚಯವಾಗಿತ್ತು. ಸದರಿ ಹುಡುಗಿ ನನ್ನ ಪತ್ನಿಯ ಬಳಿ ಸಂಗೀತ ಕಲಿತವಳು. ಆರತಕ್ಷತೆಯಲ್ಲಿ ತಾನು ವೇದಿಕೆ ಹತ್ತುವಾಗ ಆಂಟಿಯೇ ಹಾಡಬೇಕೆಂದು ಫೋನಿನಲ್ಲಿ ಹಟ ಹಿಡಿದು ಮಾತು ಪಡೆದಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಅದಕ್ಕೆಂದು ಆರಿಸಿದ ದೇವರನಾಮದ ಅಭ್ಯಾಸ ನಡೆಯುತ್ತಿತ್ತು.

ಕೊರಿಯರಿನಲ್ಲಿ ಬಂದ ಲಗ್ನಪತ್ರಿಕೆಯನ್ನು ನನ್ನ ಮಗಳು ಕಿಟಕಿಯ ಬಳಿ ಇಟ್ಟು ಫೋಟೋ ತೆಗೆದಳು. ಚಿನ್ನದ ಬಣ್ಣದ ಅಕ್ಷರಗಳು ಹೊಳೆದು ಸ್ಥಳದ ಸಾಲು ಮಸುಕಾದ ಕಾರಣ, ಪತ್ರಿಕೆಯನ್ನು ಓರೆಮಾಡಿ ಮತ್ತೊಮ್ಮೆ ತೆಗೆದಳು. ಇಲ್ಲಿಯೇ ಬೆಳೆದ ಆಕೆ ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ಫೋಟೋವನ್ನು ಫೋನಿನ ಎಐ ಸಹಾಯಕಕ್ಕೆ ಕೊಟ್ಟು, ದಿನ, ಸಮಯ, ಸ್ಥಳ ಮತ್ತು ಕರೆಯುವವರ ಹೆಸರನ್ನು ಕ್ಯಾಲೆಂಡರಿಗೆ ಹಾಕುವಂತೆ ತಯಾರಿಸಲು ಹೇಳಿದಳು. ಅದು ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ ಎಂದು ಎರಡು ನಮೂದುಗಳನ್ನು ಸಿದ್ಧಪಡಿಸಿತು. ಎರಡಕ್ಕೂ ಸ್ಥಳ ಅಹಮದಾಬಾದಿನ ಒಂದೇ ಸಭಾಂಗಣ.

"ಪಪ್ಪಾ, ಹೋಸ್ಟ್ ಇವರೇನಾ?" ಎಂದು ಆಕೆ ಆ ನಮೂದಿನಲ್ಲಿದ್ದ ಹೆಸರೊಂದನ್ನು ಓದಿದಳು.

"ಅವರು ಹುಡುಗಿ ತಾತ ಕಣಮ್ಮ. ಹೆಸರಿನ ಹಿಂದೆ ಕೀರ್ತಿಶೇಷ ಅಂತಿದೆ, ತೀರಿಕೊಂಡಿದಾರೆ. ಸ್ವರ್ಗದಿಂದ ಬಂದು ಬಾಗಿಲಲ್ಲಿ ನಿಂತು ಪನ್ನೀರು ಹಾಕ್ತಾರಾ?" ಎಂದೆ. ಪತ್ರಿಕೆಯ ಕೆಳಭಾಗದ 'ತಮ್ಮ ಆಗಮನಾಭಿಲಾಷಿಗಳು' ಎಂಬ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿದ್ದ ತಂದೆ ತಾಯಿಯ ಹೆಸರುಗಳನ್ನು ಓದಿ ಹೇಳಿದೆ.

"ಹಾಗಾದ್ರೆ ಇದನ್ನ ಪೂರ್ತಿ ನಂಬೋ ಹಾಗಿಲ್ಲ," ಎಂದಳು.

ಹೆಸರು ತಿದ್ದಿದ ಬಳಿಕ ಆಕೆ ಮತ್ತೊಂದು ತಿದ್ದುಪಡಿಯನ್ನೂ ಮಾಡಿದಳು. ಆ ವೇಳೆಗೆ ನಾನು ಕಚೇರಿಗೆ ಹೊರಟಾಗಿತ್ತು. ಆಕೆ ಹೋಗಿ ಬಂದ ಗೆಳತಿಯರ ಮನೆಯ ಮದುವೆಗಳಲ್ಲೆಲ್ಲ ರಿಸೆಪ್ಷನ್ ಮದುವೆಯ ನಂತರವೇ ನಡೆದಿತ್ತು. ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ಮಾಡುವ ನಮ್ಮ ಮೈಸೂರು ಕಡೆಯ ರೂಢಿ ಆಕೆಗೆ ತಿಳಿದಿರಲಿಲ್ಲ. ಯಂತ್ರ ಮತ್ತೆ ತಪ್ಪಿದೆ ಎಂದು ಭಾವಿಸಿ, ಆರತಕ್ಷತೆಯನ್ನು ಭಾನುವಾರ ಸಂಜೆಗೆ ಬದಲಾಯಿಸಿ, ಮನೆಯವರೆಲ್ಲರ ಕ್ಯಾಲೆಂಡರಿಗೂ ಕಳುಹಿಸಿದಳು.

ನನ್ನ ಪತ್ನಿ ತನ್ನ ಫೋನಿನಲ್ಲಿ ಅದನ್ನು ನೋಡಿ, "ಓಹೋ, ಇವ್ರೂ ಇಲ್ಲಿಯವರ ಥರಾನೇ ಮದುವೆ ಆದ್ಮೇಲೆ ಇಟ್ಕೊಂಡಿದಾರೆ," ಎಂದಳೇ ವಿನಾ ಪತ್ರಿಕೆಯನ್ನು ಪುನಃ ತೆರೆಯಲಿಲ್ಲ. ಪತ್ರಿಕೆಯಲ್ಲಿ ಹೆಸರುಗಳನ್ನಷ್ಟೇ ನೋಡಿದ್ದ ನಾನೂ ಒಪ್ಪಿ, ಭಾನುವಾರ ಮುಂಜಾನೆ ಹೊರಡುವುದೆಂದು ತೀರ್ಮಾನವಾಯಿತು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದಾಗ ವಧುವಿನಿಂದಲೇ ಕರೆ ಬಂದಿತು. ಪತ್ನಿ ಸ್ಪೀಕರ್ ಹಾಕಿದಳು.

"ಆಂಟಿ, ಎಲ್ಲಿದೀರಾ? ಮೆಹೆಂದಿ ಕೈಲೇ ಫೋನ್ ಹಿಡ್ಕೊಂಡಿದೀನಿ. ಹೊರಟ್ರಾ?"

"ನಾಳೆ ತಾನೇ ಕಣೇ ನಿನ್ನ ಆರತಕ್ಷತೆ?"

"ನಾಳೆ ತಾಳಿ ಆಂಟಿ! ಇವತ್ತು ಸಂಜೆ ಸ್ಟೇಜು!"

ಪತ್ನಿ ಒಳಗೆ ಹೋಗಿ ಪತ್ರಿಕೆ ತಂದು ಓದಿದಳು. ಸೀರೆಯನ್ನು ಇಸ್ತ್ರಿಗೆ ಕೊಟ್ಟಿದ್ದುದರಿಂದ, ಬೀರುವಿನಲ್ಲಿ ಕೈಗೆ ಸಿಕ್ಕಿದ್ದನ್ನೇ ಉಟ್ಟಳು. ಹೆದ್ದಾರಿಯಲ್ಲಿ ಕಾರು ಸರಾಗವಾಗಿ ಸಾಗಿತಾದರೂ ಅಹಮದಾಬಾದ್ ಪ್ರವೇಶಿಸಿದ ಮೇಲೆ ವಾಹನಗಳ ಸಾಲಿನಲ್ಲಿ ಸಿಲುಕಿದೆವು. ಪತ್ನಿ ಕಣ್ಣು ಮುಚ್ಚಿ ಪಲ್ಲವಿಯನ್ನು ಗುನುಗುತ್ತಿದ್ದಳು.

"ಮಮ್ಮಿ, ಸಾರಿ. ತಾತನ ಹೆಸರು ತಪ್ಪಿತ್ತಲ್ಲ, ಅದಕ್ಕೆ ಇದೂ ತಪ್ಪು ಅಂದ್ಕೊಂಡೆ."

"ಮುಹೂರ್ತಾನೂ ತಿದ್ದಿಬಿಡ್ಬೇಕಿತ್ತು, ಪುರೋಹಿತ್ರಿಗೆ ರಜೆ ಸಿಕ್ತಿತ್ತು. ಸುಮ್ನಿರು, ಶ್ರುತಿ ತಪ್ಪತ್ತೆ."

ಮಗಳು ಹಿಂದಿನ ಸೀಟಿನಲ್ಲಿ ಕುಳಿತು ದಿನಾಂಕವನ್ನು ಮೊದಲಿನಂತೆ ಬದಲಾಯಿಸಿದಳು. ಕ್ಯಾಲೆಂಡರಿನಲ್ಲಿ ಆರತಕ್ಷತೆಯ ಎದುರು 'ಈಗ' ಎಂದು ಕಾಣಿಸಿತು.

ನಾವು ಸಭಾಂಗಣ ತಲುಪಿದಾಗ ವಧೂವರರು ವೇದಿಕೆಯ ಮೇಲಿದ್ದರು. ವಧು ಮೆಟ್ಟಿಲು ಹತ್ತಿದ್ದು ಸ್ಪೀಕರಿನ ವಾದ್ಯ ಸಂಗೀತಕ್ಕೆ ಎಂದು ಆಗಮನಾಭಿಲಾಷಿಗಳಾದ ತಂದೆ ತಾಯಿ ಬಾಗಿಲಲ್ಲೇ ತಿಳಿಸಿದರು. ಪತ್ನಿ ಉಡುಗೊರೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತಳು. ವೇದಿಕೆಯಿಂದ ವಧು ಆಕೆಯನ್ನು ಕಂಡವಳೇ ಛಾಯಾಗ್ರಾಹಕನನ್ನು ತಡೆದಳು. ವರನ ಕಿವಿಯಲ್ಲಿ ಏನೋ ಹೇಳಿ, ಲಂಗ ಎತ್ತಿ ಹಿಡಿದು ಮೆಟ್ಟಿಲಿಳಿದು ಕೆಳಗೆ ಬಂದು ನಿಂತಳು.

"ಈಗ ಹಾಡಿ ಆಂಟಿ. ಇನ್ನೊಂದ್ಸಲ ಹತ್ತುತೀನಿ."

ಸಾಲಿನಲ್ಲಿದ್ದ ಗುಜರಾತಿ ಅತಿಥಿಗಳು ಇದೂ ಕನ್ನಡಿಗರ ಒಂದು ಶಾಸ್ತ್ರವೆಂದು ತಿಳಿದು ದಾರಿ ಬಿಟ್ಟು ನಿಂತರು. ಪತ್ನಿ ಹಾಡತೊಡಗಿದಳು. ವಧು ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿದಳು.