ಹದಿನಾರನೆಯ ಆಪರೇಟರ್

ಎಂಬತ್ತರ ದಶಕದ ಆರಂಭದಲ್ಲಿ ನಾನು ಜಯನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರುಗಳ ಕರೆ ಜೋಡಿಸುವ ಟ್ರಂಕ್ ಕಾಲ್ ವಿಭಾಗದ ಸೂಪರ್‌ವೈಸರ್. ಬೆಳಗಿನ ಹೊತ್ತು ಹನ್ನೆರಡು ಬೋರ್ಡುಗಳ ಮುಂದೆಯೂ ಆಪರೇಟರುಗಳು ಕೂತಿರಲೇಬೇಕಿತ್ತು. ಆದರೆ ಡ್ಯೂಟಿಗೆ ಹಾಕಿದವರಲ್ಲಿ ನಾಲ್ವರಿಗೆ ಒಬ್ಬರಂತೆ ಕಾಫಿಗೋ ತರಬೇತಿಗೋ ರಜೆಗೋ ಹೋಗಿರುತ್ತಿದ್ದರು.

ಆಪರೇಟರಾಗಿಯೇ ಮೇಲೆ ಬಂದಿದ್ದ ಹೊಸ ಆಫೀಸರು ಹನ್ನೆರಡಕ್ಕೆ ಅದರ ಕಾಲು ಭಾಗ ಸೇರಿಸಿ ಹದಿನೈದು ಜನರನ್ನು ಹಾಕಿದರು.

“ಸಾಲಲ್ಲ ಸಾರ್. ಕಾಲು ಭಾಗ ಕಳೆಯೋದು ಹನ್ನೆರಡರಲ್ಲಲ್ಲ, ನೀವು ಹಾಕಿರೋ ಹದಿನೈದರಲ್ಲಿ. ಹೆಚ್ಚುಕಮ್ಮಿ ನಾಲ್ಕು ಜನ ಹೋದ್ರೆ ಉಳಿಯೋದು ಹನ್ನೊಂದೇ. ಹದಿನಾರು ಜನರನ್ನ ಹಾಕಿದ್ರೆ ಹನ್ನೆರಡು ಜನ ಉಳೀತಾರೆ.”

“ಲೆಕ್ಕ ನನಗೂ ಬರುತ್ತೆ ಮೇಡಂ.”

ಸೋಮವಾರ ಬೆಳಿಗ್ಗೆ ಹನ್ನೆರಡನೆಯ ಕುರ್ಚಿ ಖಾಲಿ. ಕಾಯುವ ಕರೆಗೆ ಒಂದರಂತೆ ಆ ಬೋರ್ಡಿನ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಕಾದು ಸಾಕಾದವರ ಬೈಗುಳವೆಲ್ಲ ಪಕ್ಕದ ಬೋರ್ಡಿನ ಹುಡುಗಿಯ ಕಿವಿಗೆ ಬೀಳುತ್ತಿತ್ತು. ಅವಳ ಕಣ್ಣು ತುಂಬಿತ್ತು. ನಾನು ದೂರಿನ ಫೋನಿಗೆ ಅಂಟಿಕೊಂಡಿದ್ದೆ.

“ಕಾಫಿಗೆ ಹೋದವರನ್ನ ವಾಪಸ್ ಕರೀರಿ,” ಎಂದರು ಆಫೀಸರು.

ನನಗೆ ಮೈಯೆಲ್ಲ ಉರಿಯಿತು. “ಕರೆಯಲ್ಲ ಸಾರ್. ಬೆಳಿಗ್ಗೆಯಿಂದ ಕೂತಿದಾರೆ, ಕುಡಿದು ಬರ್ಲಿ.”

ಅವರು ನನ್ನನ್ನು ದುರುಗುಟ್ಟಿ ನೋಡಿ, ಹೆಡ್‌ಸೆಟ್ ಹಾಕಿಕೊಂಡು ಖಾಲಿ ಕುರ್ಚಿಯಲ್ಲಿ ತಾವೇ ಕೂತರು. ಕೈಚಳಕ ಮರೆತಿರಲಿಲ್ಲ, ದೀಪಗಳು ಆರತೊಡಗಿದವು. ಬಹಳ ಹೊತ್ತಾದ ಮೇಲೆ, ಬೆವರು ಒರೆಸಿಕೊಳ್ಳುತ್ತಾ, ದನಿ ತಗ್ಗಿಸಿ ಕೇಳಿದರು:

“ಮೇಡಂ, ನಾನೊಂದು ಐದು ನಿಮಿಷ ಎದ್ದು ಹೋಗ್ಬೇಕು. ಇಲ್ಲಿ ಯಾರನ್ನ ಕೂರಿಸ್ತೀರಿ?”

“ಹದಿನಾರನೆಯವರನ್ನ ಸಾರ್,” ಎಂದೆ.