ಹೆಸರಿನ ಮುಂದೆ ಬರೀ ಬಿ.ಕಾಂ.

ಗೆಳತಿಯರೇ, ಇವತ್ತು ಕರುಮತ್ತಂಪಟ್ಟಿಯ ನಮ್ಮ ಮನೆಗೆ ಒಂದು ಅಭಿನಂದನೆಯ ಕಾಗದ ಬಂತು. ಮಗಳು ಸರಸ್ವತಿ ಮೊನ್ನೆಯಷ್ಟೇ ಸಿ.ಎ. ಫೈನಲ್ ಪಾಸಾಗಿದ್ದಾಳೆ. ಬರೆದವರು ಕೊಯಮತ್ತೂರಿನ ಆಡಿಟ್ ಆಫೀಸಿನಲ್ಲಿ ಅವಳ ಸೀನಿಯರ್ ಮುರುಗೇಶನ್. ಆದರೆ ಕವರಿನ ಮೇಲೆ ‘ಕುಮಾರಿ ಸರಸ್ವತಿ, ಬಿ.ಕಾಂ.’ ಎಂದಷ್ಟೇ ಇತ್ತು. ನನಗೆ ಕೋಪ ಬಂತು.

“ಸಿ.ಎ. ಅಂತ ಎರಡಕ್ಷರ ಬರೆಯಕ್ಕೆ ಆ ಪುಣ್ಯಾತ್ಮನಿಗೆ ಕೈ ನೋವಾ?” ಎಂದೆ.

ಸರಸು ಕಾಗದ ಓದಿ ನಕ್ಕಳು. “ಬೇಕೂಂತ್ಲೇ ಬರೆದಿಲ್ವಂತಮ್ಮಾ. ಪಾಸಾದ್ರೆ ಮಟ್ಟುಂ ಸಾಲ್ದು. ಫಾರಂ ಕಳಿಸಿ, ಸಿ.ಎ. ಇನ್‌ಸ್ಟಿಟ್ಯೂಟಿನ ಮೆಂಬರ್ ರಿಜಿಸ್ಟರಲ್ಲಿ ಹೆಸರು ಏರ್ಬೇಕು. ಮೆಂಬರ್ ನಂಬರ್ ಬಂದ ಮೇಲೇ ಹೆಸರಿಗೆ ಎ.ಸಿ.ಎ., ಅಂದ್ರೆ ಸಿ.ಎ. ಮೆಂಬರ್ ಅಂತ, ಸೇರ್ಸ್‌ಬೋದು. ನಾನೇ ಆಡಿಟ್‌ಗೆ ಸೈನ್ ಹಾಕಕ್ಕೆ ಇನ್ನೊಂದು ಸರ್ಟಿಫಿಕೇಟ್ ಬೇಕು.”

“ಮತ್ತೆ ಎದಕ್ಕೆ ಅಭಿನಂದನೆ ಅಂತ ವಾಳ್ತು ಹೇಳ್ದ?”

“ಓದಿದ್ದಕ್ಕೆ. ನಂಬರ್ ಬಂದ ದಿನ ಕವರ್ ಮೇಲೆ ಎ.ಸಿ.ಎ. ಹಾಕಿ ಇನ್ನೊಂದು ಕಾಗದ ಬರೀತಾರಂತೆ. ಇನ್ಮೇಲೆ ಸಾರ್ ಅನ್ಬೇಡ ಅಂದವ್ರೆ.”

ಹತ್ತನೆಯವರೆಗೆ ಓದಿದವಳು ನಾನು. ನನಗೆ ಬಂದ ಕಾಗದಗಳಲ್ಲೆಲ್ಲ ನನ್ನ ಹೆಸರಿನ ಹಿಂದೆ ಯಜಮಾನರ ಹೆಸರಿತ್ತು, ಮುಂದೆ ಏನೂ ಇರಲಿಲ್ಲ. ಆ ಎರಡನೆಯ ಕವರನ್ನು ಮೊದಲು ನಾನೇ ಹಿಡಿಯಬೇಕೆಂಬ ಆಸೆ ಎದೆಯಲ್ಲಿ ಕೂತುಬಿಟ್ಟಿದೆ.

ಸರಸು ಫಾರಂ ತುಂಬುವುದು ಭಾನುವಾರವಂತೆ. ಪೋಸ್ಟ್‌ಮನ್‌ಗೆ ಮಾತ್ರ ನಾನು ಇವತ್ತೇ ಹೇಳಿಬಿಟ್ಟೆ, ನಾಳೆಯಿಂದ ನಮ್ಮ ಮನೆಯ ಕಾಗದವನ್ನು ನನ್ನ ಕೈಗಲ್ಲದೆ ಬೇರೆ ಯಾರಿಗೂ ಕೊಡಬಾರದೆಂದು.